ಗಿರಾಕಿ ಮೆಚ್ಚಿ ಬರೆದ ಮಾತು ಸ್ಟೇಟಸ್‌ಗೆ ಹೋಗುವ ಮುಂಚೆ

ಪ್ರಶ್ನೆ: ನಾನು ಮನೆಯಲ್ಲೇ ಅಂಟಿನ ಉಂಡಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತೇನೆ. ಚೆನ್ನಾಗಿತ್ತು ಅಂತ ತುಂಬ ಜನ ವಾಟ್ಸಾಪ್‌ನಲ್ಲಿ ಬರೆಯುತ್ತಾರೆ. ಅಂಥ ಒಂದು ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್‌ಗೆ ಹಾಕಿದ್ದೆ. ಆ ಗಿರಾಕಿ ಬಹಳ ಬೇಜಾರು ಮಾಡಿಕೊಂಡರು. ಅವರ ಮಗಳ ಹೆರಿಗೆ ಸುದ್ದಿ ಇನ್ನೂ ನೆಂಟರಿಗೆಲ್ಲ ತಿಳಿಸಿರಲಿಲ್ಲವಂತೆ. ಇನ್ನು ಮುಂದೆ ಅಭಿಪ್ರಾಯ ಹೇಗೆ ಕೇಳಲಿ? ಹಾಕೋಕೆ ಒಪ್ಪಿಗೆ ಹೇಗೆ ತಗೊಳ್ಳಲಿ? ಮೆಸೇಜ್ ಹೇಗಿರಬೇಕು ಅಂತ ಬರೆದು ತೋರಿಸಿ.
— ಒಬ್ಬ ಓದುಗರು, ಗದಗ

ಉತ್ತರ: ಮೊದಲು ಇವತ್ತಿನ ಕೆಲಸ. ಆ ಚಿತ್ರ ಸ್ಟೇಟಸ್‌ನಲ್ಲಷ್ಟೇ ಅಲ್ಲ, ಇನ್ಸ್ಟಾಗ್ರಾಂನಲ್ಲಿ, ಗ್ರೂಪಿನಲ್ಲಿ ಎಲ್ಲೇ ಇದ್ದರೂ ತೆಗೆಯಿರಿ. ಸ್ಟೇಟಸ್ 24 ಗಂಟೆಗೆ ತಾನೇ ಹೋಗುತ್ತೆ ಅಂತ ಬಿಡಬೇಡಿ. ಆಮೇಲೆ ಅವರಿಗೆ ಫೋನ್ ಮಾಡಿ. ಮೆಸೇಜ್ ಬೇಡ, ಫೋನೇ ಮಾಡಿ. "ಕೇಳದೇ ಹಾಕಿದ್ದು ನನ್ನ ತಪ್ಪು, ಎಲ್ಲ ಕಡೆ ತೆಗೆದೀನ್ರಿ" ಅಂತ ಹೇಳಿದರೆ ಸಾಕು. ವ್ಯಾಪಾರಕ್ಕೆ ಅಂತ ಹಾಕಿದೆ, ಎಲ್ಲರೂ ಹಾಕ್ತಾರೆ ಅಂತೆಲ್ಲ ವಿವರಣೆ ಕೊಡಲು ಹೋಗಬೇಡಿ.

ಅವರು ನಿಮಗೆ ಬರೆದಿದ್ದು ನಿಮ್ಮೊಬ್ಬರಿಗೆ ಹೇಳಿದ ಮಾತು. ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದ ಹಾಗೆ. ಸ್ಕ್ರೀನ್‌ಶಾಟ್‌ನಲ್ಲಿ ಆ ಮಾತಿನ ಜೊತೆ ಅವರ ಹೆಸರು, ಡಿಪಿಯಲ್ಲಿರುವ ಮನೆಯವರ ಮುಖ, ಕೆಲವೊಮ್ಮೆ ನಂಬರ್ ಕೂಡ ಬರುತ್ತೆ. ಅಂಟಿನ ಉಂಡಿ ವಿಷಯದಲ್ಲಿ ಇನ್ನೊಂದು ತೊಡಕಿದೆ. ನಮ್ಮ ಕಡೆ ಅದನ್ನು ಹೆಚ್ಚಾಗಿ ಒಯ್ಯುವುದು ಬಾಣಂತಿಗೆ. ಹಾಗಾಗಿ "ಉಂಡಿ ಚಲೋ ಇದ್ವು" ಅನ್ನೋ ಒಂದೇ ಮಾತಿನಲ್ಲಿ ಆ ಮನೆಯಲ್ಲಿ ಹೆರಿಗೆ ಆಗಿದೆ ಅನ್ನೋ ಸುದ್ದಿಯೂ ಇರುತ್ತೆ. ಮೆಚ್ಚಿ ಬರೆದವರು ಅಜ್ಜಿ. ಆದರೆ ಸುದ್ದಿ ಇರುವುದು ಮಗಳದ್ದು. ಅಜ್ಜಿ ಹೂಂ ಅಂದರೆ ಸಾಲದು, ಮಗಳೂ ಹೂಂ ಅನ್ನಬೇಕು.

ಅದಕ್ಕೇ ನಾನು ಮನೆ ತಿಂಡಿ ಮಾರುವ ಹೆಣ್ಣುಮಕ್ಕಳಿಗೆಲ್ಲ ಎರಡು ಸಲ ಕೇಳಿ ಅಂತ ಹೇಳುತ್ತೇನೆ. ಮೊದಲ ಸಲ ಅಭಿಪ್ರಾಯ ಕೇಳಿ. ಎರಡನೇ ಸಲ ಅದನ್ನು ಹಾಕಲು ಒಪ್ಪಿಗೆ ಕೇಳಿ. ಎರಡನ್ನೂ ಒಂದೇ ಮೆಸೇಜಿನಲ್ಲಿ ಸೇರಿಸಿದರೆ ಜನ ಮೊದಲೇ ಹುಷಾರಾಗಿ ಬಿಡುತ್ತಾರೆ, "ಚೆನ್ನಾಗಿದೆ, ಎಲ್ಲರೂ ತಗೊಳ್ಳಿ" ಅಂತ ಬೋರ್ಡಿನ ಮಾತು ಬರೆಯುತ್ತಾರೆ. ಅದನ್ನು ಓದಿ ಯಾರೂ ಉಂಡಿ ಕೊಳ್ಳುವುದಿಲ್ಲ.

ಯಾವಾಗ ಕೇಳಬೇಕು ಅನ್ನೋದೂ ಮುಖ್ಯ. ಡಬ್ಬಿ ಮುಟ್ಟಿದ ದಿನವೇ ಕೇಳಿದರೆ "ಬಂತ್ರಿ, ಥ್ಯಾಂಕ್ಸ್" ಅಷ್ಟೇ ಬರುತ್ತೆ. ಚಟ್ನಿಪುಡಿಯಾದರೆ ನಾಲ್ಕೈದು ದಿನಕ್ಕೆ ಕೇಳಬಹುದು, ಅಷ್ಟರಲ್ಲಿ ರೊಟ್ಟಿ ಜೊತೆ ನಾಲ್ಕು ಸಲ ತಿಂದಿರುತ್ತಾರೆ. ಉಂಡಿ ದಿನಕ್ಕೊಂದರಂತೆ ಖಾಲಿಯಾಗುತ್ತೆ. ಹತ್ತು ಹನ್ನೆರಡು ದಿನ ಬಿಟ್ಟು ಕೇಳಿ. ಬಾಣಂತಿ ಇರುವ ಮನೆ, ಮಧ್ಯಾಹ್ನ ಮಲಗುವ ಹೊತ್ತಿಗೆ ಕಳಿಸಬೇಡಿ.

ಇನ್ನು ಪ್ರಶ್ನೆ. "ಫೀಡ್‌ಬ್ಯಾಕ್ ಕೊಡಿ" ಅಂದರೆ ಏನು ಬರೆಯಬೇಕೋ ಅವರಿಗೆ ಹೊಳೆಯುವುದಿಲ್ಲ. ಒಂದೇ ಒಂದು ಸಣ್ಣ ವಿಷಯ ಕೇಳಿ. ನೀವು ಮಾತಾಡುವ ಕನ್ನಡದಲ್ಲೇ ಬರೆಯಿರಿ. ಹೀಗೆ:

> ಅಕ್ಕಾರ, ನಮಸ್ಕಾರ್ರಿ. ಹೋದ ವಾರದ ಹಿಂದಿನ ವಾರ ಒಂದು ಕೆಜಿ ಅಂಟಿನ ಉಂಡಿ ಒಯ್ದಿದ್ರಿ. ಒಂದು ಕೇಳ್ಲಿಕ್ಕಿತ್ರಿ. ಈ ಮೊದಲು ಬ್ಯಾರೆ ಕಡೆ ಉಂಡಿ ತಗೊಂಡಿದ್ರ, ಅದಕ್ಕೂ ನಮ್ಮದಕ್ಕೂ ಏನು ಫರಕ್ ಅನಸ್ತು? ಕಡಿಮಿ ಏನರ ಇದ್ರೂ ಹೇಳ್ರಿ, ಮುಂದಿನ ಸಲ ಸರಿ ಮಾಡ್ತೀನಿ. ಬರಿಯೂದು ತ್ರಾಸ ಅಂದ್ರ ವಾಯ್ಸ್ ಕಳಸ್ರಿ.

ಇದರಲ್ಲಿ "ಕಡಿಮಿ ಏನರ ಇದ್ರೂ" ಅನ್ನೋ ಮಾತನ್ನು ಬಿಡಬೇಡಿ. ದೂರು ಹೇಳಲು ದಾರಿ ಇದ್ದಾಗಲೇ ಮೆಚ್ಚುಗೆಗೂ ತೂಕ ಬರೋದು. ಉತ್ತರ ಬರದಿದ್ದರೆ ವಾರ ಬಿಟ್ಟು ಒಂದು ಸಲ ನೆನಪಿಸಿ, ಅಲ್ಲಿಗೆ ಬಿಡಿ.

ಅಜ್ಜಿ ವಾಯ್ಸ್ ಮೆಸೇಜ್ ಕಳಿಸಿದರು ಅಂತ ಇಟ್ಟುಕೊಳ್ಳೋಣ: "ಚಲೋ ಇದ್ವು ತಂಗಿ. ಹೋದ ಸಲ ದೊಡ್ಡ ಮಗಳಿಗೆ ಬ್ಯಾರೆ ಕಡೆ ತಂದಿದ್ವಿ, ಅಂಟು ಸರಿ ಅರಳಿದ್ದಿಲ್ಲ, ಹಲ್ಲಿಗೆ ಹತ್ತತಿತ್ತು. ನಿಮ್ಮದು ಬಾಯಾಗ ಕರಗತಾವ. ಬೆಲ್ಲ ಒಂದೀಟು ಜಾಸ್ತಿ ಆತು. ಸಣ್ಣ ಮಗಳ ಸೊಂಟ ನೋವೂ ಕಡಿಮಿ ಆಗ್ಯದ."

ಇದರಲ್ಲಿ ಬಂಗಾರದಂಥ ಮಾತು ಅಂದರೆ ಅಂಟು ಹಲ್ಲಿಗೆ ಹತ್ತೋ ಸಂಗತಿ. ತುಪ್ಪದಲ್ಲಿ ಅಂಟು ಒಳಗಿನವರೆಗೂ ಅರಳದಿದ್ದರೆ ಹಲ್ಲಿಗೆ ಅಂಟಿಕೊಳ್ಳುತ್ತೆ ಅಂತ ಉಂಡಿ ತಿಂದವರಿಗೆಲ್ಲ ಗೊತ್ತು. ಆ ಒಂದು ಸಾಲು ಓದಿದವರು ನಿಮ್ಮ ಕೈ ಪಳಗಿದ್ದು ಅಂತ ನಂಬುತ್ತಾರೆ. ಬೆಲ್ಲದ ಮಾತನ್ನೂ ಬಿಡಬೇಡಿ ಅಂತ ನಾನು ಹೇಳುತ್ತೇನೆ. ಆ ಮಾತು ಇದ್ದರೆ ನಿಜವಾಗಿ ಯಾರೋ ತಿಂದು ಹೇಳಿದ್ದು ಅಂತ ಓದಿದವರಿಗೆ ತಿಳಿಯುತ್ತೆ.

ಸೊಂಟ ನೋವಿನ ಮಾತನ್ನು ಮಾತ್ರ ಹಾಕಬೇಡಿ. ಅವರು ಹೇಳಿದ್ದು ಸುಳ್ಳು ಅಂತಲ್ಲ. ಬೇರೆಯವರ ಮಾತೇ ಆದರೂ ನೀವು ವ್ಯಾಪಾರಕ್ಕೆ ಹಾಕಿದ ಮೇಲೆ ಅದು ನಿಮ್ಮ ಜಾಹೀರಾತು. ಆಹಾರ ಪದಾರ್ಥ ರೋಗ ವಾಸಿ ಮಾಡುತ್ತೆ, ತಡೆಯುತ್ತೆ ಅಂತ ಜಾಹೀರಾತಿನಲ್ಲಿ ಹೇಳುವಂತಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಲ್ಲೇ ಇದೆ. ಎದೆಹಾಲು ಜಾಸ್ತಿ ಆಯಿತು, ಶುಗರ್ ಇಳಿಯಿತು ಅನ್ನೋ ಮಾತುಗಳನ್ನೂ ಹಾಗೇ ಬಿಟ್ಟುಬಿಡಿ. ಅದನ್ನು ನಂಬಿ ಒಬ್ಬ ಬಾಣಂತಿ ಡಾಕ್ಟರ ಹತ್ತಿರ ಹೋಗೋದನ್ನ ಮುಂದೂಡಿದರೆ ಏನು ಗತಿ, ಅಲ್ವಾ?

ಹಾಗಾದರೆ ಬೇಕಾದಷ್ಟು ಕತ್ತರಿಸಬಹುದಾ? ಕತ್ತರಿಸಬಹುದು, ತಿದ್ದಬಾರದು. ಒಂದೆರಡು ಪದ, ವಾಕ್ಯ ಬಿಡಬಹುದು. ಆದರೆ ಉಳಿದ ಮಾತಿನ ಅರ್ಥ ಬದಲಾಗಬಾರದು, ನೀವು ಒಂದು ಪದವನ್ನೂ ಸೇರಿಸಬಾರದು. ಶುರುವಿನಲ್ಲಿ ನಾನು ಒಬ್ಬರ ಕರಪತ್ರಕ್ಕೆ ಗಿರಾಕಿಯ ಮಾತನ್ನು "ಶುದ್ಧ" ಕನ್ನಡಕ್ಕೆ ತಿದ್ದಿ ಕೊಟ್ಟಿದ್ದೆ. ಅದನ್ನು ಓದಿದ ಆಕೆಯ ಮಗ "ಇದು ನಮ್ಮವ್ವ ಅಂದ ಮಾತೇ ಅಲ್ಲ" ಅಂದ. ಅವನು ಹೇಳಿದ್ದು ಸರಿಯಾಗಿತ್ತು. ಅವತ್ತಿನಿಂದ "ಹಲ್ಲಿಗೆ ಹತ್ತತಿತ್ತು" ಅನ್ನೋದನ್ನ "ಹಲ್ಲಿಗೆ ಅಂಟಿಕೊಳ್ಳುತ್ತಿತ್ತು" ಅಂತ ನಾನು ಬದಲಿಸುವುದಿಲ್ಲ.

ಈಗ ಎರಡನೇ ಮೆಸೇಜ್, ಒಪ್ಪಿಗೆಯದ್ದು. ಇದರಲ್ಲಿ ಹಾಕುವ ಮಾತು ಅಕ್ಷರಕ್ಕಕ್ಷರ ಇರಬೇಕು. ಎಲ್ಲಿ ಹಾಕುತ್ತೀರಿ, ಹೆಸರು ಹೇಗೆ ಬರುತ್ತೆ, ಬೇಡ ಅನ್ನಿಸಿದರೆ ಏನು ಮಾಡಬೇಕು ಅನ್ನೋದೂ ಇರಬೇಕು.

> ಅಕ್ಕಾರ, ನೀವು ಹೇಳಿದ್ದು ಕೇಳಿ ಖುಷಿ ಆತ್ರಿ. ಬೆಲ್ಲ ಮುಂದಿನ ಸಲ ಕಡಿಮಿ ಹಾಕ್ತೀನಿ. ನಿಮ್ಮ ಮಾತು ನಾಕು ಮಂದಿಗೆ ತೋರಸ್ಲಿಕ್ಕೆ ನಿಮ್ಮ ಒಪ್ಪಿಗಿ ಬೇಕಾಗಿತ್ರಿ. ಹಾಕೂದು ಇಷ್ಟ:
>
> "ಹೋದ ಸಲ ಬ್ಯಾರೆ ಕಡೆ ತಂದಿದ್ವಿ, ಅಂಟು ಸರಿ ಅರಳಿದ್ದಿಲ್ಲ, ಹಲ್ಲಿಗೆ ಹತ್ತತಿತ್ತು. ನಿಮ್ಮದು ಬಾಯಾಗ ಕರಗತಾವ. ಬೆಲ್ಲ ಒಂದೀಟು ಜಾಸ್ತಿ ಆತು." — ಒಬ್ಬ ಗಿರಾಕಿ, ಗದಗ
>
> ವಾಟ್ಸಾಪ್ ಸ್ಟೇಟಸ್ ಮತ್ತ ಇನ್ಸ್ಟಾಗ್ರಾಂನಾಗ ಹಾಕ್ತೀನಿ, ಬ್ಯಾರೆ ಎಲ್ಲೂ ಇಲ್ಲ. ಹೆಸರು, ಫೋಟೋ, ನಂಬರ್, ಬಾಣಂತನದ ಸುದ್ದಿ ಏನೂ ಬರೂದಿಲ್ಲ. ಹೆಸರು ಹಾಕಿದ್ರ ನಡೀತದ ಅಂದ್ರ ಹೆಂಗ ಹಾಕಬೇಕು ಅಂತ ಹೇಳ್ರಿ. ಮಗಳನ್ನೂ ಒಂದು ಮಾತು ಕೇಳ್ರಿ. ಇಬ್ಬರಿಗೂ ಒಪ್ಪಿಗಿ ಇದ್ರ "ಹೂಂ, ಹಾಕು" ಅಂತ ಬರದು ಕಳಸ್ರಿ. ಬ್ಯಾಡ ಅಂದ್ರೂ ಏನೂ ಬೇಜಾರಿಲ್ರಿ. ಮುಂದ ಯಾವಾಗರ ತಗಿ ಅಂದ್ರ ಅವತ್ತ ತಗೀತೀನಿ.

ಇಲ್ಲಿ ಹೆಸರಿಲ್ಲದ್ದನ್ನೇ ಮೊದಲು ಇಟ್ಟಿದ್ದೇನೆ, ನೋಡಿ. ಹೆಸರು ಹಾಕಿ ಆಮೇಲೆ "ಬೇಡ ಅಂದ್ರೆ ಹೇಳಿ" ಅಂದರೆ ದಾಕ್ಷಿಣ್ಯಕ್ಕೆ ಸುಮ್ಮನಾಗುವವರೇ ಜಾಸ್ತಿ. ಸುಮ್ಮನಿದ್ದಾರೆ ಅಂದರೆ ಒಪ್ಪಿದ್ದಾರೆ ಅಂತಲ್ಲ. ಎರಡು ನೀಲಿ ಗೆರೆ ಬಂದರೆ ಓದಿದ್ದಾರೆ ಅಂತ ಮಾತ್ರ. ಬರೀ ಹೆಬ್ಬೆರಳಿನ ಎಮೋಜಿ ಬಂದರೂ ಇನ್ನೊಮ್ಮೆ ಕೇಳಿ, ಏಕೆಂದರೆ ಕೆಲವರು ಓದದೇ ಅದನ್ನು ಒತ್ತುತ್ತಾರೆ. ಜನರ ಖಾಸಗಿ ಮಾಹಿತಿ ಬಗ್ಗೆ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೂಡ ಒಪ್ಪಿಗೆ ಅಂದರೆ ಇಂಥದ್ದಕ್ಕೆ ಅಂತ ತಿಳಿದು, ಸ್ವಂತ ಇಷ್ಟದಿಂದ, ಸ್ಪಷ್ಟವಾಗಿ ಕೊಟ್ಟದ್ದಾಗಿರಬೇಕು ಅನ್ನುತ್ತೆ. ಕೊಟ್ಟಷ್ಟೇ ಸುಲಭವಾಗಿ ವಾಪಸ್ ತೆಗೆದುಕೊಳ್ಳುವಂತಿರಬೇಕು ಅಂತಲೂ ಹೇಳುತ್ತೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಯಾಗುತ್ತಿವೆ. ಮೇಲಿನ ಮೆಸೇಜ್ ಕಳಿಸಿದರೆ ಆ ಕಾಯ್ದೆಯ ಆಶಯಕ್ಕೆ ನೀವು ಹತ್ತಿರವೇ ಇರುತ್ತೀರಿ.

ಕೂಸಿನ ಫೋಟೋ ಬೇಡವೇ ಬೇಡ. ಅಜ್ಜಿ ಖುಷಿಯಿಂದ ಕಳಿಸಿದರೂ ಬೇಡ. ಆ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಪರವಾಗಿ ಒಪ್ಪಬೇಕಾದವರು ತಂದೆ ತಾಯಿ ಅಥವಾ ಕಾನೂನಿನ ಪ್ರಕಾರ ಪಾಲಕರಾದವರು. ನಿಮ್ಮ ಉಂಡಿಯ ಫೋಟೋ ಹಾಕಿ, ಒಂದನ್ನು ಮುರಿದು ಒಳಗಿನ ಅರಳಿದ ಅಂಟು ಕಾಣುವ ಹಾಗೆ. ಆ ಮಾತಿಗೆ ಅದೇ ಸಾಕ್ಷಿ.

ಹಾಕುವಾಗ ಸ್ಕ್ರೀನ್‌ಶಾಟ್ ಮೇಲೆ ಪೆನ್ನಿನಿಂದ ಗೀಚಿ ಹೆಸರು ಮುಚ್ಚೋದು ನಂಬಿಕೆಯ ದಾರಿಯಲ್ಲ. ಗೆರೆ ತೆಳ್ಳಗಿದ್ದರೆ ಅಕ್ಷರ ಕಾಣುತ್ತೆ, ಮೂಲೆಯಲ್ಲಿ ಡಿಪಿ ಉಳಿದುಬಿಡುತ್ತೆ. ಅದರ ಬದಲು ಒಪ್ಪಿದ ಮಾತನ್ನು ಹೊಸದಾಗಿ ಟೈಪ್ ಮಾಡಿ ಉಂಡಿಯ ಫೋಟೋ ಮೇಲೆ ಹಾಕಿ.

"ಹೂಂ, ಹಾಕು" ಅನ್ನೋ ಉತ್ತರವನ್ನು ಮಾತ್ರ ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಹತ್ತಿರ ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಚಾಟ್ ಅಳಿಸಿಹೋಗಬಹುದು, ಫೋನ್ ಬದಲಾಗಬಹುದು. ಆರ್ಡರ್ ಬರೆಯುವ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತಾರೀಖು, ಯಾರು ಒಪ್ಪಿದರು, ಎಲ್ಲೆಲ್ಲಿ ಹಾಕಿದ್ದೀರಿ ಅಂತ ಒಂದು ಸಾಲು ಬರೆದಿಡಿ. ಯಾರಾದರೂ ತೆಗೆಯಿರಿ ಅಂದಾಗ ಎಲ್ಲಿ ಹುಡುಕಬೇಕು ಅಂತ ಆ ಸಾಲೇ ಹೇಳುತ್ತೆ.

ಅಭಿಪ್ರಾಯಕ್ಕೆ ಬದಲಾಗಿ ಅರ್ಧ ಕೆಜಿ ಪುಕ್ಕಟೆ ಕೊಡಲೇ ಅಂತ ಕೆಲವರು ಕೇಳುತ್ತಾರೆ. ನನ್ನ ಸಲಹೆ, ಕೊಡಬೇಡಿ. ಕೊಟ್ಟಿದ್ದರೆ ಆ ಮಾತಿನ ಕೆಳಗೆ "ಇವರಿಗೆ ಉಂಡಿ ಉಚಿತವಾಗಿ ಕೊಟ್ಟಿದ್ದೆವು" ಅಂತ ಬರೆಯಲೇಬೇಕು. ಗೂಗಲ್ ಮ್ಯಾಪ್‌ನಲ್ಲಂತೂ ರಿವ್ಯೂಗೆ ಪ್ರತಿಯಾಗಿ ರಿಯಾಯಿತಿ ಕೊಡುವುದಕ್ಕೆ ಅವಕಾಶವೇ ಇಲ್ಲ. ಖುಷಿಯಾದವರನ್ನು ಮಾತ್ರ ಆರಿಸಿ ಅಲ್ಲಿಗೆ ಕಳಿಸುವುದನ್ನೂ ಅವರು ಒಪ್ಪುವುದಿಲ್ಲ. ಅಲ್ಲಿ ರಿವ್ಯೂ ಕೇಳುವುದಾದರೆ ಎಲ್ಲ ಗಿರಾಕಿಗಳಿಗೂ ಒಂದೇ ಲಿಂಕ್ ಕಳಿಸಿ.

ಮುಂದೆ ಜಾತ್ರೆಗೋ ಮೇಳಕ್ಕೋ ಕರಪತ್ರ ಮಾಡಿಸಿದರೆ ಹಳೇ ಒಪ್ಪಿಗೆ ಅದಕ್ಕೆ ಸಾಲದು. ಸ್ಟೇಟಸ್‌ಗೆ ಅಂತ ಕೇಳಿದ್ದು ಸ್ಟೇಟಸ್‌ಗೆ ಮಾತ್ರ. ಮತ್ತೊಮ್ಮೆ ಕೇಳಿ, ಕೇಳುವಾಗಲೇ "ಹಂಚಿದ ಮ್ಯಾಲೆ ಕಾಗದ ವಾಪಸ್ ಬರೂದಿಲ್ರಿ, ನೀವು ಬ್ಯಾಡ ಅಂದ್ರ ಮುಂದಿನ ಪ್ರಿಂಟಿನಾಗ ತಗೀಬಹುದು ಅಷ್ಟ" ಅಂತ ಹೇಳಿಬಿಡಿ. ಮೊದಲ ಸಲ ನೂರೋ ಇನ್ನೂರೋ ಮಾತ್ರ ಅಚ್ಚು ಹಾಕಿಸಿ.