ಕನ್ನಡ ಟೈಟಲ್ ಕಾರ್ಡ್ ಸಣ್ಣ ಫೋನಿನಲ್ಲೂ ಓದಲು ಬರಬೇಕು. ಯಾವ ಫಾಂಟ್ ಒಳ್ಳೆಯದು? ಹಳದಿ ಅಕ್ಷರಕ್ಕೆ ಕೆಂಪು ಔಟ್‌ಲೈನ್ ಕೊಟ್ಟರೆ ಎದ್ದು ಕಾಣುತ್ತದೆಯೇ?

ಮೊದಲು ಆ ಔಟ್‌ಲೈನ್ ತೆಗೀರಿ. ಫಾಂಟಿನ ಹೆಸರು ಆಮೇಲೆ.

ಬಾಗಲಕೋಟೆಯ ಮುಳುಗಡೆ ಕುಟುಂಬಗಳ ಮಾತು ಸೇರಿಸಿ ನಾವೊಂದು ವಿಡಿಯೊ ಮಾಡಿದ್ದೆವು. ಹೆಸರು 'ಮುಳುಗಡೆ ಸಂತ್ರಸ್ತರ ಧ್ವನಿ'. ದಪ್ಪ ಹಳದಿ ಅಕ್ಷರ, ಸುತ್ತ ಕೆಂಪು ಗೆರೆ, ಹಿಂದೆ ಹಿನ್ನೀರಿನ ನೀಲಿ. ಕಂಪ್ಯೂಟರಿನಲ್ಲಿ ಚಂದವೇ ಇತ್ತು. ನವನಗರದ ನಿವೃತ್ತ ಮಾಸ್ತರೊಬ್ಬರು ಫೋನಿನಲ್ಲಿ ನೋಡಿ, "ತಮ್ಮಾ, ಧ್ವನಿಯೊಳಗಿನ ಧ ಅಕ್ಷರದ ಹೊಟ್ಟೀನ ಸೀಳಿಲ್ಲಲ್ಲೋ" ಅಂದರು. ಊರಿನವರ ನೋವು ಹೇಳುವ ವಿಡಿಯೊಗೆ ಮೊದಲ ಪರದೆಯಲ್ಲೇ ಕಾಗುಣಿತ ತಪ್ಪಿದ ಹೆಸರು ಬಂತು.

ಫೈಲಿನಲ್ಲಿ ಸೀಳು ಇತ್ತು. ದ, ಧ ಎರಡಕ್ಕೂ ವ್ಯತ್ಯಾಸ ತಳದ ಒಂದು ಸಣ್ಣ ಗೀಟು ಮಾತ್ರ. ಡ-ಢ ಕೂಡ ಹಾಗೆಯೇ. 1080 ಸಾಲಿನ ಕಾರ್ಡಿನಲ್ಲಿ ಆ ಗೀಟು 6 ಪಿಕ್ಸೆಲ್ ದಪ್ಪವಿದ್ದರೆ, ನೆಟ್ ನಿಧಾನವಾಗಿ 360ಕ್ಕೆ ಇಳಿದಾಗ ಉಳಿಯುವುದು ಎರಡೇ ಪಿಕ್ಸೆಲ್. ಅದರ ಎರಡೂ ಬದಿಗೆ ಔಟ್‌ಲೈನ್, ಕೆಳಗೇ ವ ಒತ್ತು, ಅದಕ್ಕೂ ಔಟ್‌ಲೈನ್. ಎಲ್ಲ ಸೇರಿ ಒಂದೇ ಕೆಂಪು ಮುದ್ದೆ. 'ಸಂತ್ರಸ್ತರ' ಎಂಬಲ್ಲಿ ಒತ್ತುಗಳ ಗತಿಯೂ ಅದೇ. ಇಂಗ್ಲಿಷ್ ಅಕ್ಷರಕ್ಕೆ ಒಪ್ಪುವ ದಪ್ಪ ಗೆರೆ ನಮ್ಮ ಲಿಪಿಗೆ ಒಪ್ಪುವುದಿಲ್ಲ, ಕೆಳಗೆ ಜಾಗವೇ ಇರುವುದಿಲ್ಲ.

ಬಣ್ಣದ್ದು ಇನ್ನೊಂದು ಕಾರಣ. ಫೋನಿಗೆ ಬರುವ ವಿಡಿಯೊದಲ್ಲಿ ಬೆಳಕು-ಕತ್ತಲೆಯ ವಿವರ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣದ ವಿವರ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದು. ಕೆಂಪು, ನೀಲಿ ಎರಡೂ ಮಬ್ಬು ಬಣ್ಣಗಳು. ಪಕ್ಕಪಕ್ಕ ಇಟ್ಟರೆ ಅಂಚು ಹಿಡಿದಿಡಲು ಬೆಳಕಿನ ವ್ಯತ್ಯಾಸ ಸಾಲದು, ಬಣ್ಣ ಕಲಸಿಹೋಗುತ್ತದೆ. ಕಾರ್ಡಿನ ಸ್ಕ್ರೀನ್‌ಶಾಟ್ ತೆಗೆದು ಕಪ್ಪುಬಿಳುಪು ಮಾಡಿ ನೋಡಿ. ಅಕ್ಷರ ಹಿನ್ನೆಲೆಯಲ್ಲಿ ಕರಗಿದರೆ ಆ ಜೋಡಿ ಬೇಡ.

ನಾವು ಹೀಗೆ ತಿದ್ದಿದೆವು. ನೀರಿನ ಚಿತ್ರದ ಮೇಲೆ ಗಾಢ ಕುಂಕುಮ ಬಣ್ಣದ ಪಟ್ಟಿ, ಅದರ ಮೇಲೆ ತಿಳಿ ಹಳದಿ ಅಕ್ಷರ, ಔಟ್‌ಲೈನ್ ಇಲ್ಲ. ಹಳದಿ-ಕೆಂಪು ಬಿಡಲು ಮನಸ್ಸಿಲ್ಲದವರಿಗೂ ಇದು ಸಾಕು. ಫಾಂಟ್ ಅನೇಕ್ ಕನ್ನಡ, ಸೆಮಿಬೋಲ್ಡ್. ಅದಕ್ಕಿಂತ ದಪ್ಪಕ್ಕೆ ಹೋಗಬೇಡಿ, ಅಕ್ಷರದ ಒಳಗಿನ ಖಾಲಿ ಜಾಗ ತುಂಬಿಕೊಳ್ಳುತ್ತದೆ. ನೋಟೊ ಸ್ಯಾನ್ಸ್ ಕನ್ನಡವೂ ನಡೆಯುತ್ತದೆ. 'ಮುಳುಗಡೆ' ಮೇಲೆ, 'ಸಂತ್ರಸ್ತರ ಧ್ವನಿ' ಕೆಳಗೆ ಒಡೆದೆವು. ಒತ್ತಿಲ್ಲದ ಸಾಲು ಮೇಲಿದ್ದರೆ ಕೆಳಗಿನ ಗುಡಿಸಿಗೆ ಏನೂ ತಾಗುವುದಿಲ್ಲ. ನಿಮ್ಮ ಮೇಲಿನ ಸಾಲಿನಲ್ಲಿ ಒತ್ತು ಇದ್ದರೆ ಸಾಲಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡಿ.

ಗಾತ್ರದಲ್ಲಿ ಜಿಪುಣತನ ಬೇಡ. ಫೋನ್ ನೆಟ್ಟಗೆ ಹಿಡಿದರೆ ಅಡ್ಡ ವಿಡಿಯೊದ ಎತ್ತರ ಸುಮಾರು 4 ಸೆಂಟಿಮೀಟರ್ ಅಷ್ಟೆ. 54 ಪಿಕ್ಸೆಲ್ ಅಕ್ಷರ ಅಲ್ಲಿ 2 ಮಿಲಿಮೀಟರ್ ಆಗುತ್ತದೆ. ನಾವು ಒತ್ತು ಬಿಟ್ಟು ಬರೀ ಅಕ್ಷರವನ್ನೇ 110ಕ್ಕೆ ಇಟ್ಟೆವು. ಅಷ್ಟು ದೊಡ್ಡದಾಗಿ ಹಿಡಿಸದಿದ್ದರೆ ಹೆಸರನ್ನೇ ಚಿಕ್ಕದು ಮಾಡಿ.