ಪ್ಯಾರಾದಲ್ಲಿ ಕೊಟ್ಟ ವೇಳಾಪಟ್ಟಿ: ಬ್ರೇಕ್‌ಗೆ ನಂಬರ್ ಕೊಟ್ಟರೆ ಕೋಷ್ಟಕ ಕೆಡುತ್ತದೆ

ಪ್ರಶ್ನೆ: "ಪ್ರಥಮ ಪಿಯು ಸೈನ್ಸ್ ಎ ಸೆಕ್ಷನ್‌ಗೆ ಆಫೀಸಿನಿಂದ ಬಂದಿದ್ದು ಇಷ್ಟೇ: ಸೋಮದಿಂದ ಶುಕ್ರ ಆರು ಪೀರಿಯಡ್, ಶನಿವಾರ ನಾಲ್ಕು. ಎರಡಾದ ಮೇಲೆ ಬ್ರೇಕ್, ನಾಲ್ಕಾದ ಮೇಲೆ ಊಟ. ಗಣಿತ ಪ್ರತಿದಿನ ಮೊದಲನೆಯದು. ಕನ್ನಡ, ಸಂಸ್ಕೃತ ಒಂದೇ ಹೊತ್ತಿಗೆ, ಸೋಮ, ಬುಧ, ಶುಕ್ರ ಎರಡನೆಯದು, ಶನಿವಾರ ಮೊದಲನೆಯದು. ಸಂಸ್ಕೃತ 9ನೇ ರೂಮು. ಇಂಗ್ಲಿಷ್ ಮಂಗಳ, ಗುರು, ಶನಿ ಎರಡನೆಯದು, ಸೋಮವಾರ ಊಟ ಆದ ಮೇಲೆ. ಬಿ ಸೆಕ್ಷನ್ ಜೊತೆ ಹಾಲ್‌ನಲ್ಲಿ. ಬ್ರೇಕ್ ಆದ ಮೇಲೆ ಸೋಮ, ಬುಧ, ಶುಕ್ರ, ಶನಿ ಭೌತ. ಮಂಗಳ, ಗುರು ರಸಾಯನ. ನಾಲ್ಕನೆಯದು ಸೋಮ, ಶುಕ್ರ ರಸಾಯನ. ಮಂಗಳ, ಬುಧ, ಗುರು ಜೀವ. ಶನಿವಾರ ಕೊನೆಯದೂ ಜೀವ. ಊಟ ಆದ ಮೇಲೆ ಎರಡೂ ಪೀರಿಯಡ್ ಲ್ಯಾಬ್: ಮಂಗಳ ಭೌತ, ಬುಧ ರಸಾಯನ, ಗುರು ಜೀವ. ಸೋಮವಾರ ಕೊನೆಯದು ಲೈಬ್ರರಿ, ಶುಕ್ರವಾರ ಕೊನೆಯದು ಪಿ.ಟಿ. ಉಳಿದದ್ದೆಲ್ಲ 12ನೇ ರೂಮು. ಗಣಿತ ವಾರಕ್ಕೆ ಐದು, ಬೇರೆ ವಿಷಯ ತಲಾ ನಾಲ್ಕು, ಲ್ಯಾಬ್ ತಲಾ ಎರಡು. ನಾನು ವರ್ಡ್‌ನಲ್ಲಿ ಎಂಟು ಕಾಲಂ ಹಾಕಿದೆ, ಮೂರನೆಯದು ಬ್ರೇಕ್, ಆರನೆಯದು ಊಟ. ಐದು ದಿನವೂ ನಾಲ್ಕನೇ ಕಾಲಂಗೆ ಎರಡೆರಡು ವಿಷಯ ಬಂದು ಕೂರುತ್ತಿವೆ. ಪ್ಯಾರಾನೇ ತಪ್ಪಾ?"

ಉತ್ತರ:

ಪ್ಯಾರಾ ತಪ್ಪಿಲ್ಲ ಮೇಡಂ. ಬ್ರೇಕ್‌ಗೆ ಮೂರನೆಯ ನಂಬರ್ ಕೊಟ್ಟದ್ದರಿಂದ "ಬ್ರೇಕ್ ಆದ ಮೇಲೆ" ಎಂಬುದೂ "ನಾಲ್ಕನೆಯದು" ಎಂಬುದೂ ತಮ್ಮ ಹಾಳೆಯಲ್ಲಿ ಒಂದೇ ಕಾಲಂ ಆಗಿಬಿಟ್ಟಿವೆ. ವಿಷಯಗಳು ಒಂದರ ಮೇಲೊಂದು ಬಿದ್ದದ್ದು ತಮ್ಮ ಅದೃಷ್ಟವೆಂದೇ ಹೇಳುತ್ತೇನೆ, ಏಕೆಂದರೆ ನನಗೆ ಅಂತಹ ಸೂಚನೆಯೂ ಸಿಕ್ಕಿರಲಿಲ್ಲ.

ನಾನು ದಾವಣಗೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿದ್ದಾಗ ಇದೇ ರೀತಿ ಡ್ರಾಯಿಂಗ್ ಶೀಟಿನ ಮೇಲೆ ಗೆರೆ ಎಳೆದು, ಮೂರನೆಯ ಪೀರಿಯಡ್ ನಂತರದ ಬ್ರೇಕ್‌ಗೆ 4 ಎಂದು ಬರೆದಿದ್ದೆ. ಬುಧವಾರದ ಐದನೆಯ ಪೀರಿಯಡ್ ಚಿತ್ರಕಲೆ ಎಂದು ಹೇಳಿದ್ದರು. ನಾನು ಅದನ್ನು 5 ಎಂದು ಬರೆದ ಕಾಲಂಗೆ ತುಂಬಿದೆ, ಅದು ನಿಜವಾಗಿ ನಾಲ್ಕನೆಯ ಪೀರಿಯಡ್ ಆಗಿತ್ತು. ಆ ದಿನದ ನಾಲ್ಕನೆಯ ಪೀರಿಯಡ್‌ಗೆ ಇನ್ನೂ ಯಾವ ವಿಷಯವನ್ನೂ ಹೇಳಿರಲಿಲ್ಲವಾದ್ದರಿಂದ ಯಾವುದಕ್ಕೂ ಡಿಕ್ಕಿಯಾಗಲಿಲ್ಲ, ಕೋಷ್ಟಕ ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಚಿತ್ರಕಲಾ ಶಿಕ್ಷಕರು ಎರಡು ಶಾಲೆಗಳಿಗೆ ಹಂಚಿಕೆಯಾದವರು, ಊಟದ ನಂತರವೇ ನಮ್ಮಲ್ಲಿಗೆ ಬರುತ್ತಿದ್ದರು. ಮಕ್ಕಳು ಊಟಕ್ಕೆ ಮೊದಲು ಚಿತ್ರಕಲಾ ಕೊಠಡಿಯಲ್ಲಿ ಕಾದು ಎದ್ದುಹೋದರು, ಶಿಕ್ಷಕರು ಊಟದ ನಂತರ ಖಾಲಿ ಕೊಠಡಿಯಲ್ಲಿ ಒಬ್ಬರೇ ಕುಳಿತರು. ಹೀಗೆ ಎರಡು ಬುಧವಾರ ನಡೆದ ಮೇಲೆ ಅವರೇ ಚಾರ್ಟ್ ಮುಂದೆ ನಿಂತು ಬೆರಳಿಟ್ಟು ಎಣಿಸಿ ನನಗೆ ತೋರಿಸಿದರು.

ತಮ್ಮ ಪ್ರಶ್ನೆಗೆ ಇನ್ನೂ ಕೆಲವರು ಪ್ರತಿಕ್ರಿಯಿಸಿದ್ದಾರೆ. ಅವರಲ್ಲಿ ಚಳ್ಳಕೆರೆಯ ಮೇಷ್ಟ್ರೊಬ್ಬರು "ಬ್ರೇಕ್ ಕಾಲಂ ಹಾಕಲೇಬೇಡಿ" ಎಂದಿದ್ದಾರೆ. ಕೆಲಸದ ಹಾಳೆಯ ಮಟ್ಟಿಗೆ ಅದು ಸರಿ. ಆದರೆ ಗೋಡೆಗೆ ಅಂಟಿಸುವ ಪ್ರತಿಯಲ್ಲಿ ಬ್ರೇಕ್ ಕಾಣದಿದ್ದರೆ ಮಕ್ಕಳೇ ತಪ್ಪು ಎಣಿಸುತ್ತಾರೆ. ಆದ್ದರಿಂದ ಮೊದಲು ಆರೇ ಕಾಲಂ ಇಟ್ಟು ತುಂಬಿ, ಎಲ್ಲವೂ ತಾಳೆಯಾದ ಮೇಲೆ ನಂಬರ್ ಇಲ್ಲದ ಕಿರಿದಾದ ಎರಡು ಪಟ್ಟಿಗಳನ್ನು ನಡುವೆ ಸೇರಿಸಿ. ಹರಿಹರದ ಮೇಡಂ ಸೂಚಿಸಿದ ಎಎಸ್‌ಸಿ ಟೈಮ್‌ಟೇಬಲ್ಸ್ ತಂತ್ರಾಂಶವು ವೇಳಾಪಟ್ಟಿಯನ್ನು ಹೊಸದಾಗಿ ಹೊಂದಿಸುವವರಿಗೆ ಉಪಯುಕ್ತ. ಇಲ್ಲಿ ಹೊಂದಿಸುವ ಕೆಲಸ ಆಗಲೇ ಮುಗಿದಿದೆ, ಓದಿ ಚೌಕಗಳಿಗೆ ಇಳಿಸುವುದಷ್ಟೇ ಬಾಕಿ.

ಇಳಿಸುವಾಗ ಪ್ಯಾರಾದ ಸಾಲುಗಳ ಕ್ರಮದಲ್ಲಿ ಹೋಗಬಾರದು ಎಂಬುದು ನನ್ನ ಅನುಭವ. ದಿನ ಮತ್ತು ಪೀರಿಯಡ್ ಎರಡನ್ನೂ ಹೆಸರಿಸಿದ ಮಾತುಗಳನ್ನು ಮೊದಲು ತುಂಬಿ, "ಪ್ರತಿದಿನ" ಎಂಬಂತಹ ಸಗಟು ಮಾತುಗಳನ್ನು ಆಮೇಲೆ ತುಂಬಿ, "ಉಳಿದದ್ದೆಲ್ಲ 12ನೇ ರೂಮು" ಎಂಬುದನ್ನು ಕಟ್ಟಕಡೆಗೆ ಮುಟ್ಟಿ. ತಮ್ಮ ಗಣಿತವನ್ನೇ ನೋಡಿ: "ಪ್ರತಿದಿನ ಮೊದಲನೆಯದು" ಎಂದು ಆರಂಭದಲ್ಲೇ ಆರು ಚೌಕ ತುಂಬಿದರೆ ಶನಿವಾರ ಕನ್ನಡಕ್ಕೆ ಜಾಗವಿರುವುದಿಲ್ಲ. ಕನ್ನಡವನ್ನು ಮೊದಲು ಕೂರಿಸಿದ್ದರೆ ಗಣಿತಕ್ಕೆ ಐದೇ ಚೌಕ ಉಳಿಯುತ್ತವೆ, ವಾರಕ್ಕೆ ಐದು ಎಂಬ ಲೆಕ್ಕವೂ ಅದನ್ನೇ ಹೇಳುತ್ತದೆ. ಸೋಮವಾರದ "ಊಟ ಆದ ಮೇಲೆ" ಎಂಬುದು ಒಂದೇ ಪೀರಿಯಡ್ ಎಂದು ತಿಳಿಯುವುದೂ ಹೀಗೆಯೇ, ಕೊನೆಯದನ್ನು ಲೈಬ್ರರಿ ಆಗಲೇ ಹಿಡಿದಿರುತ್ತದೆ. ಶನಿವಾರದ "ಕೊನೆಯದು" ನಾಲ್ಕನೆಯದು, ಆರನೆಯದಲ್ಲ.

ಹಾಗೆ ಇಳಿಸಿದಾಗ ಬಂದದ್ದು ಇದು:

| ದಿನ | 1 | 2 | 3 | 4 | 5 | 6 |
|---|---|---|---|---|---|---|
| ಸೋಮ | ಗಣಿತ 12 | ಕನ್ನಡ 12 / ಸಂಸ್ಕೃತ 9 | ಭೌತ 12 | ರಸಾಯನ 12 | ಇಂಗ್ಲಿಷ್ ಹಾಲ್ | ಲೈಬ್ರರಿ |
| ಮಂಗಳ | ಗಣಿತ 12 | ಇಂಗ್ಲಿಷ್ ಹಾಲ್ | ರಸಾಯನ 12 | ಜೀವ 12 | ಲ್ಯಾಬ್ ಭೌತ | ಲ್ಯಾಬ್ ಭೌತ |
| ಬುಧ | ಗಣಿತ 12 | ಕನ್ನಡ 12 / ಸಂಸ್ಕೃತ 9 | ಭೌತ 12 | ಜೀವ 12 | ಲ್ಯಾಬ್ ರಸಾಯನ | ಲ್ಯಾಬ್ ರಸಾಯನ |
| ಗುರು | ಗಣಿತ 12 | ಇಂಗ್ಲಿಷ್ ಹಾಲ್ | ರಸಾಯನ 12 | ಜೀವ 12 | ಲ್ಯಾಬ್ ಜೀವ | ಲ್ಯಾಬ್ ಜೀವ |
| ಶುಕ್ರ | ಗಣಿತ 12 | ಕನ್ನಡ 12 / ಸಂಸ್ಕೃತ 9 | ಭೌತ 12 | ರಸಾಯನ 12 | | ಪಿ.ಟಿ. ಮೈದಾನ |
| ಶನಿ | ಕನ್ನಡ 12 / ಸಂಸ್ಕೃತ 9 | ಇಂಗ್ಲಿಷ್ ಹಾಲ್ | ಭೌತ 12 | ಜೀವ 12 | | |

ಕನ್ನಡ ಮತ್ತು ಸಂಸ್ಕೃತವನ್ನು ಒಂದೇ ಚೌಕದಲ್ಲಿಟ್ಟದ್ದು ಬೇಕೆಂದೇ. ಮಗುವಿಗೆ ಅದು ಒಂದು ಪೀರಿಯಡ್, ಕಟ್ಟಡಕ್ಕೆ ಮಾತ್ರ ಎರಡು ಕೊಠಡಿ. ಪ್ರತ್ಯೇಕ ಸಾಲು ಮಾಡಿದರೆ ಮುಂದೆ ಎಣಿಸುವಾಗ ವಾರಕ್ಕೆ ನಾಲ್ಕು ಪೀರಿಯಡ್ ಹೆಚ್ಚಾಗಿ ಕಾಣುತ್ತವೆ. ಜಗಳೂರಿನ ಮಿತ್ರರು ತಮ್ಮಲ್ಲಿ ಲ್ಯಾಬ್‌ಗೆ ಎ1, ಎ2 ಎಂದು ತಂಡಗಳಿವೆ, ಅದನ್ನೂ ಹೀಗೆಯೇ ಬರೆಯಬಹುದೇ ಎಂದಿದ್ದಾರೆ. ಎರಡೂ ತಂಡ ಒಂದೇ ಹೊತ್ತಿಗೆ ಬೇರೆ ಬೇರೆ ಲ್ಯಾಬ್‌ಗೆ ಹೋಗುವುದಾದರೆ ಬರೆಯಬಹುದು. ವಾರ ಬಿಟ್ಟು ವಾರ ಹೋಗುವುದಾದರೆ ಒಂದು ಕೋಷ್ಟಕ ಸಾಲದು, ಎರಡು ಬೇಕು.

ಲ್ಯಾಬ್‌ನ ಎರಡು ಚೌಕಗಳನ್ನು ಅಂದ ಕಾಣಲೆಂದು ಮರ್ಜ್ ಮಾಡುವ ಚಾಳಿಯನ್ನು ದಯವಿಟ್ಟು ಬಿಡಿ. ವರ್ಡ್‌ನಲ್ಲಿ ಕೋಷ್ಟಕ ಕಟ್ಟುವುದನ್ನೂ ನಾನು ಒಪ್ಪುವುದಿಲ್ಲ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಆದರೆ ಎಣಿಸಿ ಕೊಡುತ್ತದೆ. ಮರ್ಜ್ ಮಾಡಿದ ಚೌಕವನ್ನು ಅಲ್ಲಿ ಒಂದೆಂದೇ ಎಣಿಸುವುದರಿಂದ ಲ್ಯಾಬ್ ಲೆಕ್ಕ ಮೂರಕ್ಕೆ ಇಳಿಯುತ್ತದೆ, ಇರಬೇಕಾದದ್ದು ಆರು. ದಿನಗಳು A ಕಾಲಂನಲ್ಲಿ, ಪೀರಿಯಡ್ ನಂಬರ್ ಮೊದಲ ಸಾಲಿನಲ್ಲಿ ಇದ್ದರೆ ಸೂತ್ರಗಳು ಹೀಗಿರುತ್ತವೆ:

```
=COUNTIF(B2:G7,"ಗಣಿತ*")
=COUNTIF(B2:G7,"ಭೌತ*")
=COUNTIF(B2:G7,"ಲ್ಯಾಬ್*")
=COUNTBLANK(B2:G7)
```

ಉತ್ತರ ಕ್ರಮವಾಗಿ 5, 4, 6, 3 ಬರಬೇಕು. "ಭೌತ ಲ್ಯಾಬ್" ಎಂದು ಬರೆದರೆ ಎರಡನೆಯ ಸೂತ್ರ 6 ತೋರಿಸಿ ಗಾಬರಿ ಹುಟ್ಟಿಸುತ್ತದೆ, ಅದಕ್ಕಾಗಿಯೇ "ಲ್ಯಾಬ್" ಪದವನ್ನು ಮುಂದೆ ಇಟ್ಟಿದ್ದೇನೆ. ಒಂದು ಕಡೆ "ಇಂಗ್ಲಿಷ್", ಇನ್ನೊಂದು ಕಡೆ "ಆಂಗ್ಲ" ಎಂದು ಬರೆದರೂ ಲೆಕ್ಕ ತಪ್ಪುತ್ತದೆ. ಆದರೆ ಈ ಸೂತ್ರಗಳು ಎಷ್ಟು ಎಂಬುದನ್ನಷ್ಟೇ ಹೇಳುತ್ತವೆ, ಎಲ್ಲಿ ಎಂಬುದನ್ನು ಹೇಳುವುದಿಲ್ಲ. ನನ್ನ ಚಿತ್ರಕಲೆಯ ತಪ್ಪು ಇವುಗಳಿಗೂ ಸಿಗುತ್ತಿರಲಿಲ್ಲ. ಅದಕ್ಕೆ ಒಬ್ಬರು ಪ್ಯಾರಾ ಓದುತ್ತಾ, ಇನ್ನೊಬ್ಬರು ಚೌಕದ ಮೇಲೆ ಬೆರಳಿಡುತ್ತಾ ಒಮ್ಮೆ ಪೂರ್ತಿ ಹೋಗಬೇಕು.

ಖಾಲಿ ಮೂರರಲ್ಲಿ ಎರಡು ಶನಿವಾರ ಮಧ್ಯಾಹ್ನದವು. ಮೂರನೆಯದು ಶುಕ್ರವಾರ ಐದನೆಯ ಪೀರಿಯಡ್. ಎಲ್ಲ ವಿಷಯಗಳ ಲೆಕ್ಕವೂ ತುಂಬಿರುವುದರಿಂದ ಅಲ್ಲಿಗೆ ಯಾವುದು ಬರಬೇಕೆಂದು ಪ್ಯಾರಾದಿಂದ ತಿಳಿಯುವುದಿಲ್ಲ. ಪಿ.ಟಿ.ಯೇ ಎರಡು ಪೀರಿಯಡ್ ಇರಬಹುದೆಂದು ಚಳ್ಳಕೆರೆಯವರು ಊಹಿಸಿದ್ದಾರೆ, ನನಗೇನೋ ಬರೆದುಕೊಟ್ಟವರು ಒಂದು ಸಾಲು ಬಿಟ್ಟಿರುವಂತೆ ತೋರುತ್ತದೆ. ಆಫೀಸಿನಲ್ಲಿ ಕೇಳುವವರೆಗೆ ಆ ಚೌಕ ಖಾಲಿಯೇ ಇರಲಿ, ಮತ್ತು ಇಂಗ್ಲಿಷ್‌ನ ನಾಲ್ಕೂ ಹೊತ್ತಿಗೆ ಹಾಲ್ ಬಿಡುವಿದೆಯೇ ಎಂಬುದನ್ನು ಬಿ ಸೆಕ್ಷನ್‌ನ ಕೋಷ್ಟಕ ಪಕ್ಕದಲ್ಲಿಟ್ಟು ಅದೇ ಹೊತ್ತಿಗೆ ಕೇಳಿಬಿಡಿ.