ತೆಂಗಿನ ಗೆರಟೆ ಇಟ್ಕೊಂಡು ಅಂಗಾಂಶ ಕಲಿಯುವುದು

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಜೀವಶಾಸ್ತ್ರ ಪರೀಕ್ಷೆಗೆ ಸಸ್ಯ, ಪ್ರಾಣಿ ಅಂಗಾಂಶಗಳನ್ನು ಗುರುತಿಸೋದು ಹೇಗೆ? ಎಲ್ಲಾ ಕಲಸಿಹೋಗ್ತಿದೆ.

ಹೆಸರು ಉರು ಹೊಡೆಯುವ ಮೊದಲು ಒಂದು ವಿಷಯ ಗಮನಿಸಿ. ಸಸ್ಯದಲ್ಲಿ ಜೀವಕೋಶದ ಭಿತ್ತಿ ನೋಡಬೇಕು, ಪ್ರಾಣಿಯಲ್ಲಿ ಕೋಶಗಳ ನಡುವೆ ಏನಿದೆ ಅಂತ ನೋಡಬೇಕು.

ನಮ್ಮ ಕಾಸರಗೋಡಿನಲ್ಲಿ ತೆಂಗಿಗೇನು ಬರವಿಲ್ಲ ಅಲ್ವಾ? ಎಳೆ ಬೊಂಡದ ಗೆರಟೆಯನ್ನು ಕತ್ತಿಯಿಂದ ಸುಲಭವಾಗಿ ಕೊಯ್ಯಬಹುದು. ಅದೇ ಕಾಯಿ ಬಲಿತರೆ ಕಲ್ಲಿನಂತಾಗುತ್ತದೆ. ಭಿತ್ತಿಯಲ್ಲಿ ಲಿಗ್ನಿನ್ ತುಂಬಿ ಕೋಶ ಸಾಯುತ್ತದೆ, ಗಟ್ಟಿ ಭಿತ್ತಿ ಮಾತ್ರ ಉಳಿಯುತ್ತದೆ. ಇದೇ ಸ್ಕ್ಲೀರೆಂಕೈಮ. ಸಿಪ್ಪೆಯ ನಾರೂ ಅದೇ. ಕೆಲಸ, ಗಟ್ಟಿತನ ಕೊಡುವುದು.

ಕುಂಬಳದ ಎಲೆಯ ತೊಟ್ಟನ್ನು ಮೆಲ್ಲಗೆ ಬಗ್ಗಿಸಿ. ಥಟ್ಟನೆ ಮುರಿಯುವುದಿಲ್ಲ. ಹೊರಪದರದ ಕೆಳಗೆ ಕೋಲೆಂಕೈಮ ಇದೆ: ಕೋಶ ಜೀವಂತ, ಮೂಲೆಗಳಲ್ಲಿ ಮಾತ್ರ ಭಿತ್ತಿ ದಪ್ಪ. ಬಟಾಟೆಯ ತಿರುಳು ಪೇರೆಂಕೈಮ. ತೆಳು ಭಿತ್ತಿಯ ಜೀವಂತ ಕೋಶಗಳು, ಒಳಗೆ ಪಿಷ್ಟದ ಸಂಗ್ರಹ.

ಪ್ರಾಣಿಯಲ್ಲಿ ಸಂಯೋಜಕ ಅಂಗಾಂಶವೇ ಜಾಸ್ತಿ ಗೊಂದಲ ಮಾಡುವುದು. ಕೋಶಗಳ ನಡುವಿನ ಮಾತೃಕೆ ದ್ರವವಾದರೆ ರಕ್ತ. ಕ್ಯಾಲ್ಸಿಯಂ, ರಂಜಕದಿಂದ ಗಟ್ಟಿಯಾಗಿದ್ದರೆ ಮೂಳೆ. ಕಿವಿಯನ್ನು ಮಡಚಿ ಬಿಡಿ, ಮೊದಲಿನಂತೆ ನಿಲ್ಲುತ್ತದೆ. ಅದು ಮೃದ್ವಸ್ಥಿ.

ಅಂಕ ಹೋಗುವುದು ಹೆಚ್ಚಾಗಿ ಇಲ್ಲಿ: ಅಸ್ಥಿರಜ್ಜು ಮೂಳೆಗೆ ಮೂಳೆಯನ್ನು ಜೋಡಿಸುತ್ತದೆ, ಸ್ನಾಯುರಜ್ಜು ಮೂಳೆಗೆ ಸ್ನಾಯುವನ್ನು. ಹಿಮ್ಮಡಿಯ ಮೇಲೆ ಕೈಗೆ ಸಿಗುವ ದಪ್ಪ ಹುರಿ ಸ್ನಾಯುರಜ್ಜು. ಒಮ್ಮೆ ಮುಟ್ಟಿ ನೋಡಿ.